ಅಜ್ಜಿಗೆ ಕುಕ್ಕರ್ ಸೀಟಿ ಕೇಳುವುದಿಲ್ಲ, ತೆಂಗಿನಕಾಯಿ ಬಿದ್ದದ್ದು ಕೇಳುತ್ತದೆ

ಕಾಸರಗೋಡಿನ ಬದಿಯಡ್ಕದಲ್ಲಿ ನಮ್ಮದೊಂದು ಸಣ್ಣ ಮೊಬೈಲ್ ಅಂಗಡಿ. ರೀಚಾರ್ಜು, ಡಿಸ್ಪ್ಲೇ ಬದಲಿಸುವುದು, ಚಾರ್ಜಿಂಗ್ ಪಿನ್ ಸರಿಮಾಡುವುದು ಇವೇ ಜಾಸ್ತಿ. ಇದರ ಜೊತೆಗೆ ಬೋರ್ಡಿನಲ್ಲಿ ಬರೆಯದ ಇನ್ನೊಂದು ಕೆಲಸ ಉಂಟು, ವಯಸ್ಸಾದವರ ಫೋನನ್ನು "ಸರಿ ಮಾಡಿ" ಕೊಡುವುದು. ಮಗ ಗಲ್ಫಿನಿಂದ ಫೋನ್ ಕಳಿಸಿರುತ್ತಾನೆ. ಅದನ್ನು ತಂದು ಮೇಜಿನ ಮೇಲಿಟ್ಟು, "ಅಕ್ಷರ ದೊಡ್ಡದು ಮಾಡಿ, ಶಬ್ದ ಜೋರು ಮಾಡಿ" ಅನ್ನುತ್ತಾರೆ. ನಾನೂ ಎರಡು ನಿಮಿಷದಲ್ಲಿ ಮಾಡಿ ಕೊಡುತ್ತಿದ್ದೆ, ದುಡ್ಡು ಕೂಡ ತೆಗೆದುಕೊಳ್ಳುತ್ತಿರಲಿಲ್ಲ. ಆ ಎರಡು ನಿಮಿಷದ ಕೆಲಸ ಎಷ್ಟು ಅರೆಬರೆ ಅಂತ ಗೊತ್ತಾದದ್ದು ಪೆರ್ಲ ಕಡೆಯ ಒಬ್ಬರು ಅಜ್ಜಿಯಿಂದ.

ಅಜ್ಜಿಗೆ ಎಡಗಣ್ಣಿನ ಪೊರೆ ತೆಗೆದಿದ್ದರು. ಬಲಗಣ್ಣಿನದ್ದು ಇನ್ನೂ ಆಗಬೇಕಿತ್ತು. ಕಿವಿ ಮೊದಲಿನಿಂದಲೂ ಮಂದ. ಆಪರೇಷನ್ ಆದ ಕಣ್ಣಿಗೆ ಎರಡು ಬಗೆಯ ಹನಿಮದ್ದು, ದಿನಕ್ಕೆ ನಾಲ್ಕು ಸಲ. ಒಂದು ಹಾಕಿ ಐದು ನಿಮಿಷ ಬಿಟ್ಟು ಇನ್ನೊಂದು. ಬೆನ್ನಿಗೆ ಬೆನ್ನು ಹಾಕಿದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದಂತೆ. ಸೊಸೆ ಕೆಲಸಕ್ಕೆ ಹೋಗುವವರು, ಬೆಳಗ್ಗೆ ರಾತ್ರಿ ಅವರೇ ಹಾಕುತ್ತಾರೆ. ಹನ್ನೆರಡು ಗಂಟೆಯದ್ದೂ ನಾಲ್ಕು ಗಂಟೆಯದ್ದೂ ಅಜ್ಜಿಯ ಪಾಲಿಗೆ. ಅದಕ್ಕೇ ಫೋನು.

ನಾನು ಮಾಡಿದ್ದು ಇಷ್ಟು. ಮದ್ದು ನೆನಪಿಸುವ ಒಂದು ಆ್ಯಪ್ ಹಾಕಿದೆ. ಅಕ್ಷರದ ಗಾತ್ರವನ್ನು ತುದಿಯವರೆಗೆ ಎಳೆದೆ. ವಾಲ್ಯೂಮ್ ಪೂರ್ತಿ ಏರಿಸಿದೆ. ನೆನಪಿನ ಸಾಲನ್ನು ನಾನೇ ಟೈಪ್ ಮಾಡಿದೆ: "ಮಧ್ಯಾಹ್ನ ಊಟಕ್ಕೆ ಮೊದಲು ಎಡಗಣ್ಣಿಗೆ ಒಂದು ಹನಿ ಮದ್ದು ಹಾಕಬೇಕು." ಚೆಂದ ಬರೆದಿದ್ದೇನೆ ಅಂತ ಖುಷಿಯೂ ಆಯಿತು.

ನಾಲ್ಕು ದಿನ ಬಿಟ್ಟು ಸೊಸೆ ಬಂದರು. "ಅತ್ತೆ ಮಧ್ಯಾಹ್ನ ಮದ್ದು ಹಾಕಿಕೊಳ್ತಾನೇ ಇಲ್ಲ. ಕೇಳಿದ್ರೆ ಫೋನು ಊಟ ಆಯ್ತಾ ಅಂತ ಕೇಳ್ತದೆ, ಆಯ್ತು ಅಂತ ಒತ್ತಿದ್ದೇನೆ ಅಂತಾರೆ."

ನಾನು ನಂಬಲಿಲ್ಲ. ಅಂಗಡಿಯಲ್ಲೇ ಐದು ನಿಮಿಷ ಮುಂದಕ್ಕೆ ಒಂದು ರಿಮೈಂಡರ್ ಇಟ್ಟು ಕಾದು ನೋಡಿದೆ. ಟಿಣ್ ಅಂತ ಒಂದೇ ಸಲ ಸದ್ದು. ಪರದೆಯ ಮೇಲೆ ಬಂದದ್ದು "ಮಧ್ಯಾಹ್ನ ಊಟಕ್ಕೆ…", ಅಷ್ಟೇ. ಉಳಿದದ್ದನ್ನು ಮೂರು ಚುಕ್ಕಿ ನುಂಗಿತ್ತು. ಅಕ್ಷರ ದೊಡ್ಡದಾದಷ್ಟೂ ಸಾಲಿನಲ್ಲಿ ಹಿಡಿಸುವ ಮಾತು ಕಡಿಮೆಯಾಗುತ್ತದೆ. ನನ್ನ ಸಾಲಿನಲ್ಲಿ ಬೇಕಾದ ಮಾತು ಕೊನೆಯಲ್ಲಿತ್ತು, ಬೇಡದ್ದು ಮೊದಲಿಗಿತ್ತು. ಕೆಳಗೆ ಎರಡು ಬಟನ್, "ಆಯಿತು" ಮತ್ತು "ಆಮೇಲೆ". ಊಟ ಆಗಿತ್ತು, ಅಜ್ಜಿ ಆಯಿತು ಒತ್ತಿದರು. ತಪ್ಪು ಅವರದ್ದಲ್ಲ ಅಲ್ವಾ?

ಅದನ್ನು "ಎಡಗಣ್ಣು ಮದ್ದು" ಅಂತ ಎರಡೇ ಪದ ಮಾಡಿದೆ. ಇನ್ನು ಸರಿಯಾಯಿತು ಅಂದುಕೊಂಡೆ. ಆಗಲಿಲ್ಲ. ಈ ಸಲ ಅಜ್ಜಿಯನ್ನೇ ಕರಕೊಂಡು ಬನ್ನಿ ಅಂದೆ.

ಅಜ್ಜಿ ಬಂದು ಕುರ್ಚಿಯಲ್ಲಿ ಕೂತು ಮೊದಲು ಮಾಡಿದ ಕೆಲಸ ನನ್ನ ಗೋಡೆಯ ಕ್ಯಾಲೆಂಡರ್ ಓದಿದ್ದು. "ಶನಿವಾರ ಏಕಾದಶಿಯಾ?" ಅಂದರು. ಎರಡು ಮೀಟರ್ ದೂರದ ಕ್ಯಾಲೆಂಡರ್! ಕೈಯಲ್ಲಿ ಫೋನ್ ಕೊಟ್ಟರೆ ಮಾತ್ರ, "ಎಂತ ಮಗಾ, ಎಲ್ಲ ಮಂಜು ಮಂಜು." ನನಗೆ ತಲೆಬುಡ ಅರ್ಥವಾಗಲಿಲ್ಲ. ನಮ್ಮ ಸಾಲಿನಲ್ಲೇ ಒಂದು ಕನ್ನಡಕದ ಅಂಗಡಿ ಇದೆ. ಅಲ್ಲಿನ ಹುಡುಗಿ ಕಣ್ಣು ಪರೀಕ್ಷೆ ಕಲಿತವಳು. ಕೇಳಿದರೆ ನಕ್ಕಳು. ಪೊರೆ ತೆಗೆದು ಒಳಗೆ ಕೂರಿಸುವ ಲೆನ್ಸ್ ಸಾಮಾನ್ಯವಾಗಿ ದೂರಕ್ಕೆ ಹೊಂದಿಸಿದ್ದು. ನಮ್ಮ ಹುಟ್ಟು ಲೆನ್ಸಿನ ಹಾಗೆ ಅದು ಹತ್ತಿರಕ್ಕೆ ಬಾಗಿಕೊಳ್ಳುವುದಿಲ್ಲ. ಹತ್ತಿರದ್ದನ್ನು ಓದಲು ಕನ್ನಡಕ ಬೇಕು. ಅದನ್ನು ಕೊಡುವುದು ಕಣ್ಣು ಒಂದು ಹದಕ್ಕೆ ಬಂದ ಮೇಲೆ, ಒಂದು ತಿಂಗಳೋ ಒಂದೂವರೆ ತಿಂಗಳೋ ಕಳೆದು. ಹನಿಮದ್ದು ಹಾಕಬೇಕಾದದ್ದೂ ಸರಿಯಾಗಿ ಆ ತಿಂಗಳಲ್ಲೇ. ಅಂದರೆ ಓದಲು ಆಗದ ದೂರಕ್ಕೇ ನಾನು ಅಕ್ಷರ ದೊಡ್ಡದು ಮಾಡುತ್ತಾ ಕೂತಿದ್ದೆ.

ಸುಮ್ನೆ ಕುತೂಹಲಕ್ಕೆ ಸ್ಕೇಲ್ ಇಟ್ಟು ಅಳೆದೆ. ತುದಿಯವರೆಗೆ ಎಳೆದರೂ ಆ ಫೋನಿನ ನೋಟಿಫಿಕೇಷನ್ ಅಕ್ಷರದ ಎತ್ತರ ಮೂರು ಮಿಲಿಮೀಟರ್ ದಾಟಲಿಲ್ಲ.

ಹಾಗಾಗಿ ಓದುವ ಕೆಲಸವನ್ನು ಫೋನಿನಿಂದ ತೆಗೆದು ಗೋಡೆಯ ಮೇಲಿನ ಒಂದು ಕಾರ್ಡಿಗೆ ಹಾಕಿದೆವು. ಅಜ್ಜಿಯ ಚೀಟಿಯಲ್ಲಿ ಎಡಗಣ್ಣಿಗೆ 6/12 ಅಂತ ಇತ್ತು. ಕಣ್ಣು ಪರೀಕ್ಷೆಯ ಪಟ್ಟಿಯಲ್ಲಿ ಅವರು ಓದಿದ ಆ ಸಾಲಿನ ಅಕ್ಷರ ಆರು ಮೀಟರ್ ದೂರಕ್ಕೆ ಸುಮಾರು 17 ಮಿಲಿಮೀಟರ್ ಇರುತ್ತದೆ ಅಂತ ಆ ಹುಡುಗಿ ಲೆಕ್ಕ ಹೇಳಿಕೊಟ್ಟಳು. ಎರಡು ಮೀಟರಿಗೆ ಅದರ ಮೂರನೇ ಒಂದು ಪಾಲು, ಹೆಚ್ಚು ಕಡಿಮೆ 6 ಮಿಲಿಮೀಟರ್. ಅದು ಕಷ್ಟಪಟ್ಟು ಗುರುತಿಸುವ ಗಾತ್ರ. ಆರಾಮಾಗಿ ಓದಲು ಅದರ ಎರಡು ಪಟ್ಟಾದರೂ ಬೇಕು. ನಮ್ಮ ಕನ್ನಡಕ್ಕೆ ಒತ್ತು, ದೀರ್ಘ ಎಲ್ಲ ಬೇರೆ ಉಂಟಲ್ಲ, ಅವು ಮೂಲ ಅಕ್ಷರಕ್ಕಿಂತ ಸಣ್ಣ. "ಮದ್ದು" ಬರೆದರೆ ದ ಕೆಳಗಿನ ಒತ್ತೂ ಕಾಣಬೇಕು. ಅದಕ್ಕೆ ಮೂಲ ಅಕ್ಷರವನ್ನೇ ಮೂರು ಸೆಂಟಿಮೀಟರ್ ಮಾಡಿದೆ.

ಮೊದಲು ದಪ್ಪ ಮಾರ್ಕರ್‌ನಲ್ಲಿ ಬರೆದೆ, ಅದೂ ಕೆಟ್ಟಿತು. ಗೆರೆ ದಪ್ಪವಾದರೆ ಕನ್ನಡ ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ಪ, ಷ, ಫ ಎಲ್ಲ ಒಂದೇ ಮುದ್ದೆ. ಗೆರೆ ಸ್ವಲ್ಪ ತೆಳ್ಳಗೆ, ಅಕ್ಷರದ ಮಧ್ಯೆ ಜಾಗ ಜಾಸ್ತಿ, ಹೀಗೆ ಬರೆದದ್ದನ್ನು ಅಜ್ಜಿ ಒಂದೇ ಸಲಕ್ಕೆ ಓದಿದರು. ಲ್ಯಾಮಿನೇಷನ್ ಮಾಡಬೇಡಿ ಅಂದಳು ಆ ಹುಡುಗಿ. ಕಿಟಕಿಯ ಬೆಳಕು ಅದರ ಮೇಲೆ ಹೊಳೆಯುತ್ತದೆ, ಬಲಗಣ್ಣಿನ ಪೊರೆಗೆ ಆ ಹೊಳಪೇ ದೊಡ್ಡ ಶತ್ರು.

ಬಾಟ್ಲಿ ಗುರುತಿಸುವುದಕ್ಕೆ ಓದುವ ಕೆಲಸವೇ ಬೇಡ. ಅದರ ಮೇಲಿನ ಇಂಗ್ಲಿಷ್ ನನಗೇ ಭೂತಗನ್ನಡಿ ಇಟ್ಟರೆ ಕಾಣುವಂಥದ್ದು. ಆಸ್ಪತ್ರೆಯ ಸೂಚನೆ ಮಲಯಾಳದಲ್ಲಿ, ಅಜ್ಜಿ ಕಲಿತದ್ದು ಕನ್ನಡ ಶಾಲೆಯಲ್ಲಿ. ಮೊದಲು ಹಾಕುವುದಕ್ಕೆ ಒಂದು ರಬ್ಬರ್ ಬ್ಯಾಂಡ್, ಆಮೇಲೆ ಹಾಕುವುದಕ್ಕೆ ಎರಡು. ಕಾರ್ಡಿನಲ್ಲೂ ಅಷ್ಟೇ, "1 ರಬ್ಬರ್" "2 ರಬ್ಬರ್". ಎರಡನೆಯದು ಅಡಿಯಲ್ಲಿ ಗಸಿ ಕೂರುವ ಮದ್ದು, ಕುಲುಕಿಯೇ ಹಾಕಬೇಕು. ಆ ಒಂದು ಪದವನ್ನೂ ಸೇರಿಸಿದೆವು.

ಇನ್ನು ಶಬ್ದದ ಕಥೆ. ಆ್ಯಪಿನ ಟಿಣ್ ಶಬ್ದ ಯಾವ ಕೆಲಸಕ್ಕೂ ಬರುವುದಲ್ಲ ಅಂತ ಮೊದಲೇ ಗೊತ್ತಾಗಿತ್ತು. ಅದನ್ನು ಬಿಟ್ಟು ಫೋನಿನದ್ದೇ Clock ಅಲಾರಂ ಇಟ್ಟೆ. ಅಜ್ಜಿಯ ಪಕ್ಕದಲ್ಲೇ ಬಾರಿಸಿದೆ. ಬೆಳ್ಳಿಗೆಜ್ಜೆಯ ಹಾಗಿನ ಟೋನ್. ಮುಖದಲ್ಲಿ ಏನೂ ಇಲ್ಲ. ವಾಲ್ಯೂಮ್ ಪೂರ್ತಿ ಇತ್ತು. ಸೊಸೆ ಪಕ್ಕದಿಂದ ಹೇಳಿದರು, "ಅತ್ತೆಗೆ ಕುಕ್ಕರಿನ ಸೀಟಿ ಕೇಳುದಿಲ್ಲ. ಆದ್ರೆ ತೋಟದಲ್ಲಿ ತೆಂಗಿನಕಾಯಿ ಬಿದ್ರೆ ನಂಗಿಂತ ಮೊದಲು ಅವ್ರಿಗೆ ಗೊತ್ತಾಗ್ತದೆ."

ಸೀಟಿ ತೆಳ್ಳಗಿನ ಎತ್ತರದ ಶಬ್ದ, ಕಾಯಿ ಬೀಳುವುದು ದಪ್ಪ ಶಬ್ದ. ವಯಸ್ಸಿಗೆ ಕಿವಿ ಮಂದವಾಗುವಾಗ ಮೊದಲು ಹೋಗುವುದು ಎತ್ತರದ ಸ್ವರಗಳೇ. ಫೋನಿನ ಟೋನುಗಳು ಹೆಚ್ಚಿನವು ಅಲ್ಲೇ ಇರುತ್ತವೆ, ಯಾಕೆಂದರೆ ಚಿಕ್ಕ ಸ್ಪೀಕರಿಗೆ ತೆಳ್ಳಗಿನ ಶಬ್ದ ಹೊರಡಿಸುವುದು ಸುಲಭ. ಹೊಗೆ ಬಂದಾಗ ಎಚ್ಚರಿಸುವ ಅಲಾರಂಗಳಲ್ಲೂ ಇದೇ ತೊಂದರೆ ಇತ್ತು. ಹಳೆಯವು ಸುಮಾರು 3100 ಹರ್ಟ್ಸಿನಲ್ಲಿ ಕಿರುಚುತ್ತಿದ್ದವು. ಮಲಗಿದ ಕಿವಿಮಂದರನ್ನು ಎಬ್ಬಿಸಲು 520 ಹರ್ಟ್ಸಿನ ದಪ್ಪ ಶಬ್ದವೇ ಎಷ್ಟೋ ಮೇಲು ಅಂತ ಪರೀಕ್ಷೆಗಳಲ್ಲಿ ಕಂಡಿತು. ಅಮೆರಿಕದಲ್ಲಿ ಹೋಟೆಲಿನಂಥ ಕಡೆ ಮಲಗುವ ಕೋಣೆಗೆ ಈಗ ಅದನ್ನೇ ಕೇಳುತ್ತಾರೆ.

ಸ್ವರ ಹೊರಡಿಸುವ ಒಂದು ಪುಕ್ಕಟೆ ಆ್ಯಪ್ ಹಾಕಿ ಅಜ್ಜಿಯ ಮುಂದೆ ಪರೀಕ್ಷೆ ಮಾಡಿದೆ. 3000ಕ್ಕೆ ಇಲ್ಲ. 1000ಕ್ಕೆ "ಎಂತದೋ ಉಂಟು." 500ಕ್ಕೆ ತಲೆ ಎತ್ತಿದರು. ಆದರೆ ಶುದ್ಧ 500 ಈ ಸ್ಪೀಕರಿನಲ್ಲಿ ಸಣಕಲಾಗಿ ಬರುತ್ತದೆ. ಅದೇ ಆ್ಯಪಿನಲ್ಲಿ ಸ್ಕ್ವೇರ್ ವೇವ್ ಆರಿಸಿದರೆ ಹಳೇ ಬಸ್ಸಿನ ಹಾರ್ನಿನ ಹಾಗೆ ಒರಟಾಗಿ ಕೇಳುತ್ತದೆ. ಅದು ಗಟ್ಟಿ.

ಪೂರ್ತಿ ವಾಲ್ಯೂಮಿನಲ್ಲಿ ಹಾಕಿದ್ದು ನನ್ನ ಇನ್ನೊಂದು ತಪ್ಪು. ಅಜ್ಜಿ ಕಿವಿ ಮುಚ್ಚಿಕೊಂಡರು. ಇಂಥ ಕಿವಿಗೆ ಮೆಲ್ಲನೆಯದ್ದು ಕೇಳುವುದೇ ಇಲ್ಲ, ಜೋರಿನದ್ದು ಮಾತ್ರ ನಮ್ಮಷ್ಟೇ ಜೋರಾಗಿ ಕೇಳುತ್ತದೆ. ಮಧ್ಯದ ಜಾಗ ಕಡಿಮೆ. ಮುಕ್ಕಾಲು ವಾಲ್ಯೂಮಿಗೆ ಇಳಿಸಿ, Gradually increase volume ಇಟ್ಟೆ. ಹನಿ ಹಾಕುವ ಹೊತ್ತಿಗೆ ಬೆಚ್ಚಿಬೀಳುವುದು ಬೇಡ.

ಬರೀ ಹಾರ್ನ್ ಆದರೆ ಯಾವುದಕ್ಕೆ ಅಂತ ತಿಳಿಯುವುದಿಲ್ಲ. ಮಾತು ಬೇಕು. ಸೊಸೆಯ ಸ್ವರ ತೆಳು, ಅಜ್ಜಿಗೆ ಹಿಡಿಯಲಿಲ್ಲ. ದುಬೈಯ ಮಗನದ್ದು ದಪ್ಪ ಸ್ವರ. ಅವರಿಂದ ರೆಕಾರ್ಡ್ ಮಾಡಿಸಿ ತರಿಸಿದೆವು. ಮೊದಲ ಸಲ ಅವರು ಕಳಿಸಿದ್ದು ಹೀಗೆ: "ಅಮ್ಮಾ ಹೇಗಿದ್ದೀರಿ, ಮದ್ದಿನ ಹೊತ್ತಾಯ್ತು, ಮರೀಬೇಡಿ ಆಯ್ತಾ." ಅಜ್ಜಿ ಫೋನಿಗೆ ಉತ್ತರ ಕೊಡುತ್ತಾ ಕೂತರು! ಪುನಃ ಹೇಳಿಸಿದೆವು. ಐದು ಸೆಕೆಂಡ್ ಹಾರ್ನ್. ಆಮೇಲೆ ನಿಧಾನಕ್ಕೆ, "ಎಡ ಕಣ್ಣು. ಒಂದು ರಬ್ಬರ್." ಎರಡು ಸೆಕೆಂಡ್ ಮೌನ. ಪುನಃ ಅದೇ ಮಾತು. ಕಿರುಚುವುದು ಬೇಡ ಅಂತ ಮೊದಲೇ ಹೇಳಿದ್ದೆ. ಕಿರುಚಿದರೆ ಸ್ವರ ಎತ್ತರಕ್ಕೆ ಹೋಗುತ್ತದೆ, ಬೇಡ ಅಂದದ್ದೂ ಅದನ್ನೇ. ಐದು ನಿಮಿಷ ಬಿಟ್ಟು ಇನ್ನೊಂದು ಅಲಾರಂ, "ಎರಡು ರಬ್ಬರ್. ಕುಲುಕಿ." ಈ ಫೈಲುಗಳನ್ನು Clock ಅಲಾರಮಿನ ಶಬ್ದವಾಗಿ ಸೇರಿಸಬಹುದು, ಬೇರೆ ಆ್ಯಪ್ ಬೇಕಿಲ್ಲ.

ಫೋನ್ ಇಡುವ ಜಾಗದ ಬಗ್ಗೆಯೂ ಒಂದು ಮಾತು. ಅಜ್ಜಿ ಅದನ್ನು ಜೋಪಾನವಾಗಿ ಬಟ್ಟೆ ಚೀಲದಲ್ಲಿ ಸುತ್ತಿ ಇಡುತ್ತಿದ್ದರು. ಈಗ ಅಡುಗೆಮನೆಯ ಮರದ ಹಲಗೆಯ ಮೇಲೆ, ಚಾರ್ಜರಿಗೆ ಹಾಕಿಯೇ ಇರುತ್ತದೆ. ಬ್ಯಾಟರಿ ಸತ್ತು ಆಫ್ ಆದರೆ ಅಲಾರಂ ಬಾರಿಸುವುದಿಲ್ಲ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಸ್ಥಿತಿ ಗೊತ್ತೇ ಉಂಟು. ಜೋರು ಮಳೆ ಹಂಚಿನ ಮೇಲೆ ಬಿದ್ದರೆ ಹಾರ್ನೂ ಮುಳುಗುತ್ತದೆ. ಅದಕ್ಕೆ ನನ್ನಲ್ಲಿ ಉಪಾಯ ಇರಲಿಲ್ಲ. ಅಂಥ ದಿನ ಪಕ್ಕದ ಮನೆಯ ಹುಡುಗ ಬಂದು ಹೇಳಿ ಹೋಗುತ್ತಿದ್ದ.

ಮೊದಲ ವಾರ ಕಳೆದು ಒಂದು ರಬ್ಬರಿನ ಮದ್ದು ನಿಂತಿತು. ಎರಡು ರಬ್ಬರಿನದ್ದು ವಾರ ವಾರಕ್ಕೆ ದಿನದಲ್ಲಿ ಒಂದೊಂದು ಸಲ ಕಡಿಮೆಯಾಗುತ್ತಾ ಬಂತು. ಪ್ರತಿ ಭಾನುವಾರ ಸೊಸೆ ಆಯಾ ಅಲಾರಂ ಆಫ್ ಮಾಡಿ, ಕಾರ್ಡಿನಲ್ಲಿ ಆ ಸಾಲಿಗೆ ಕಾಗದ ಅಂಟಿಸುತ್ತಿದ್ದರು. ಎಲ್ಲ ಸರಿಯಾಗಿ ನಡೆಯಿತು, ಒಂದು ಬಿಟ್ಟು.

ಎರಡು ತಿಂಗಳಾದ ಮೇಲೆ ಅಂಗಡಿಗೆ ಫೋನ್ ಬಂತು. ಅಜ್ಜಿಯೇ. ಕನ್ನಡಕ ಬಂದಿದೆ, ನಂಬರ್ ನಾನೇ ಒತ್ತಿದೆ ಅಂದರು. ಆಮೇಲೆ, "ಮಗಾ, ಬಾಟ್ಲಿ ಮುಗಿದು ಎಷ್ಟೋ ದಿನ ಆಯ್ತು. ನಾಲ್ಕು ಗಂಟೆಗೆ ಇವ ಇನ್ನೂ ಕುಲುಕಿ ಕುಲುಕಿ ಅಂತ ಕೂಗ್ತಾ ಇದ್ದಾನೆ. ಎಂತ ಕುಲುಕುದು?" ಒಂದು ಅಲಾರಂ ಆಫ್ ಮಾಡಲು ಮರೆತುಹೋಗಿತ್ತು. ಬಾಟ್ಲಿಯಲ್ಲಿ ಮದ್ದು ಉಳಿದಿದ್ದರೆ ಅವರು ಹಾಕಿಕೊಳ್ಳುತ್ತಲೇ ಇರುತ್ತಿದ್ದರು.

ಈಗ ಯಾರಿಗೆ ಅಲಾರಂ ಇಟ್ಟು ಕೊಟ್ಟರೂ, ಅದನ್ನು ಯಾವ ತಾರೀಕಿಗೆ ತೆಗೆಯಬೇಕು ಅಂತ ಚೀಟಿ ನೋಡಿ ಬಿಲ್ಲಿನ ಹಿಂದೆ ಬರೆದು ಕೊಡುತ್ತೇನೆ. ಮೂರು ಸೆಂಟಿಮೀಟರ್ ಅಕ್ಷರದಲ್ಲಲ್ಲ. ಅದನ್ನು ಓದಬೇಕಾದವರು ಸೊಸೆಯಂದಿರು.