ಹೆನ್ಲೆ ಲೂಪ್‌ನ ಮಣಿ ಮಾದರಿ: ಇಲ್ಲಿಯವರೆಗಿನ ಕೆಲಸ

ಮೊದಲ ಭಾನುವಾರ

ಪುಣೆಯ ನಮ್ಮ ಪಿಜಿಯಲ್ಲಿ ಗೋಕಾಕದ ಹುಡುಗಿಯೊಬ್ಬಳಿದ್ದಾಳೆ. ಫಿಸಿಯಾಲಜಿಯಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು. ಕಿಡ್ನಿಯ ಪಾಠದಲ್ಲಿ ಹೆನ್ಲೆ ಲೂಪ್ ಬಂತು. ಅದು ಕಿಡ್ನಿಯ ಆಳಕ್ಕೆ ಇಳಿದು ಮತ್ತೆ ಮೇಲೇರುವ ಸಣ್ಣ ಕೊಳವೆ. ಅದರ ಗೋಡೆಯ ಪಂಪು ಉಪ್ಪನ್ನು ಹೊರಗೆ ತಳ್ಳುವುದರಿಂದ ಆಳದಲ್ಲಿ ಸಾಂದ್ರತೆ 1200ರವರೆಗೆ ಏರುತ್ತದೆ. ಅವಳು ಕೇಳಿದ್ದು ಇಷ್ಟೇ: "ಅಕ್ಕಾ, ಪಂಪು 200ರ ಫರಕು ಅಷ್ಟ ಮಾಡತೈತಿ ಅಂತಾರ. ಮತ್ತ ಕೆಳಗ 1200 ಹೆಂಗ ಆಗತೈತಿ?"

ಬಾಯಲ್ಲಿ ಹೇಳಿದರೆ ಇದು ತಲೆಗೆ ಹತ್ತುವುದಿಲ್ಲ. ನನಗೂ ಹತ್ತಿರಲಿಲ್ಲ. ಹಾಗಾಗಿ ತುಳಶಿಬಾಗಿಗೆ ಹೋಗಿ ಒಂದೇ ಅಳತೆಯ ಮಣಿಗಳ ಪ್ಯಾಕೆಟ್ ತಂದೆ. ಮೊಟ್ಟೆ ಇಡುವ ರಟ್ಟಿನ ಟ್ರೇಯಿಂದ ನಾಲ್ಕು ಸಾಲು ಕತ್ತರಿಸಿದೆ. ಪ್ರತಿ ಸಾಲಿಗೆ ಎರಡು ಗುಳಿ. ಎಡಗಡೆಯ ನಾಲ್ಕು ಗುಳಿ ಇಳಿಯುವ ಕೊಳವೆ, ಬಲಗಡೆಯ ನಾಲ್ಕು ಏರುವ ಕೊಳವೆ. ಕೆಳಗೆ ಎರಡೂ ಸೇರುತ್ತವೆ, ಇಂಗ್ಲಿಷಿನ ಯು ಅಕ್ಷರದ ಹಾಗೆ.

ಒಂದು ಮಣಿ ಅಂದರೆ 25 ಮಿಲಿಆಸ್ಮೋಲ್. ಇದು ಕರಗಿರುವ ಕಣಗಳ ಅಳತೆ, ಸಾಂದ್ರತೆಯ ಅಂಕಿಗಳೆಲ್ಲ ಒಂದು ಲೀಟರಿಗೆ. ರಕ್ತದ ಸಾಂದ್ರತೆ ಸುಮಾರು 300, ಆದ್ದರಿಂದ ಎಲ್ಲ ಗುಳಿಗೂ 12 ಮಣಿ ಹಾಕಿ ಶುರು ಮಾಡಿದೆವು.

ನಿಯಮ ಎರಡೇ. ಒಂದು, ಪಂಪು. ಏರುವ ಕೊಳವೆಯ ದಪ್ಪ ಭಾಗ ಉಪ್ಪನ್ನು ಹೊರಗೆ ತಳ್ಳುತ್ತದೆ, ಆದರೆ ನೀರನ್ನು ಬಿಡುವುದಿಲ್ಲ. ಅಕ್ಕಪಕ್ಕದ ಗುಳಿಗಳ ನಡುವೆ 200ರ, ಅಂದರೆ 8 ಮಣಿಗಳ ವ್ಯತ್ಯಾಸ ಬರುವವರೆಗೆ ಬಲದಿಂದ ಎಡಕ್ಕೆ ಮಣಿ ಸರಿಸಬೇಕು. ಎರಡು, ಹರಿವು. ಮೇಲಿನಿಂದ 12 ಮಣಿಯ ಹೊಸ ದ್ರವ ಎಡಗಡೆ ಬರುತ್ತದೆ, ಎಲ್ಲವೂ ಒಂದೊಂದು ಗುಳಿ ಮುಂದೆ ಸರಿಯುತ್ತವೆ, ಬಲಗಡೆಯ ಮೇಲಿನ ಗುಳಿಯಲ್ಲಿದ್ದದ್ದು ಹೊರಗೆ ಹೋಗುತ್ತದೆ.

ಮೊದಲ ಪಂಪಿಗೆ ಎಡಗಡೆ ಎಲ್ಲ 400, ಬಲಗಡೆ ಎಲ್ಲ 200. ಇದರಲ್ಲಿ ವಿಶೇಷ ಏನೂ ಇಲ್ಲ.

ಇನ್ನು ಹರಿವು. ಎಡಗಡೆಯ ಕೆಳಗಿನ 400 ತಿರುವು ದಾಟಿ ಬಲಗಡೆಯ ಕೆಳಗಿನ ಗುಳಿಗೆ ಬಂತು. ಅದರ ಪಕ್ಕದಲ್ಲೂ 400 ಇದೆ. ಈಗ ಪಂಪು ಮತ್ತೆ 200ರ ವ್ಯತ್ಯಾಸ ಮಾಡಬೇಕು. ಬಲಗಡೆ 300 ಆಯಿತು, ಎಡಗಡೆ 500!

ಅವಳು ಮಣಿಗಳನ್ನು ಎರಡು ಸಲ ಎಣಿಸಿದಳು. ಪಂಪಿನ ಶಕ್ತಿ ಹೆಚ್ಚಿಲ್ಲ. ಪ್ರತಿ ಸಲವೂ ಅದೇ 200. ಆದರೆ ಹಿಂದಿನ ಸುತ್ತಿನ ಫಲವೇ ತಿರುವು ದಾಟಿ ಬಂದು ಮುಂದಿನ ಸುತ್ತಿನ ಬಂಡವಾಳವಾಗುತ್ತಿದೆ. ಮೂರನೇ ಸುತ್ತಿಗೆ ಕೆಳಗಿನ ಗುಳಿ 550, ನಾಲ್ಕನೆಯದಕ್ಕೆ 600. ಮೇಲಿನ ಗುಳಿ ಮಾತ್ರ 350ರ ಆಸುಪಾಸಿನಲ್ಲೇ ಇದೆ.

ನಾಲ್ಕನೇ ಸುತ್ತಿನಲ್ಲಿ ಮೇಲಿನ ಸಾಲಿಗೆ ಅರ್ಧ ಮಣಿ ಬೇಕಾಯಿತು. ಅಲ್ಲಿಗೆ ನಿಲ್ಲಿಸಿದೆವು.

ಎರಡನೇ ವಾರ

ಅದನ್ನೇ ಸ್ಪ್ರೆಡ್‌ಶೀಟಿಗೆ ಹಾಕಿದೆ. ಹರಿವಿನ ನಂತರದ ಬೆಲೆಗಳು B ಮತ್ತು C ಕಾಲಮ್ಮಿನಲ್ಲಿ. ಪಂಪಿಗೆ ಇಷ್ಟು ಸಾಕು:

```
=(B2+C2)/2+100
=(B2+C2)/2-100
```

ಸುತ್ತುಗಳನ್ನು ಹೆಚ್ಚಿಸುತ್ತಾ ಹೋದರೆ ಕೆಳಗಿನ ಗುಳಿ 1100ರ ಹತ್ತಿರ ಹೋಗಿ ನಿಲ್ಲುತ್ತದೆ. ಮೇಲಿನಿಂದ ಕೆಳಗೆ ಎಡಗಡೆ 500, 700, 900, 1100. ಅಂದರೆ ಪ್ರತಿ ಸಾಲೂ 200 ಸೇರಿಸುತ್ತದೆ. ಸಾಲು ಆರು ಮಾಡಿದರೆ 1500. ಲೂಪ್ ಉದ್ದವಾದಷ್ಟೂ ಆಳದಲ್ಲಿ ಸಾಂದ್ರತೆ ಯಾಕೆ ಜಾಸ್ತಿ ಎನ್ನುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಆದರೆ ಒಂದು ತಪ್ಪು ಸಿಕ್ಕಿತು. ನನ್ನ ಶೀಟಿನಲ್ಲಿ ಕೊನೆಗೆ ಹೊರಬರುವ ದ್ರವ 300. ಪುಸ್ತಕದಲ್ಲಿ ಅದು ಸುಮಾರು 100. ಎರಡು ದಿನ ಸೂತ್ರದಲ್ಲೇ ದೋಷ ಹುಡುಕಿದೆ. ದೋಷ ಸೂತ್ರದಲ್ಲಿ ಇರಲಿಲ್ಲ. ನನ್ನ ಮಾದರಿಯಲ್ಲಿ ಮಣಿಗೆ ಹೊರಹೋಗಲು ಕೊಳವೆಯ ಬಾಯಿ ಬಿಟ್ಟು ಬೇರೆ ದಾರಿಯೇ ಇಲ್ಲ. ಒಳಗೆ 12 ಬಂದರೆ ಕೊನೆಗೆ ಹೊರಗೂ 12 ಹೋಗಲೇಬೇಕು.

ದೇಹದಲ್ಲಿ ಹಾಗಲ್ಲ. ಉಪ್ಪು ನೇರವಾಗಿ ಪಕ್ಕದ ಕೊಳವೆಗೆ ಬೀಳುವುದಿಲ್ಲ. ಎರಡರ ನಡುವಿನ ಅಂಗಾಂಶಕ್ಕೆ ಬೀಳುತ್ತದೆ. ಇಳಿಯುವ ಕೊಳವೆ ನೀರು ಬಿಟ್ಟುಕೊಟ್ಟು ಅದಕ್ಕೆ ಸಮನಾಗುತ್ತದೆ. ಹೀಗೆ ಸೇರಿದ ಹೆಚ್ಚುವರಿ ಉಪ್ಪು ಮತ್ತು ನೀರನ್ನು ಅಲ್ಲೇ ಇರುವ ವಾಸಾ ರೆಕ್ಟಾ ಎಂಬ ಸಣ್ಣ ರಕ್ತನಾಳಗಳು ಒಯ್ಯುತ್ತವೆ. ಸೋಸಿ ಬಂದ ಉಪ್ಪಿನಲ್ಲಿ ಸುಮಾರು 25%ರಷ್ಟನ್ನು ಲೂಪ್ ಹಿಂದಕ್ಕೆ ಪಡೆಯುತ್ತದೆ, ನೀರನ್ನು ಮಾತ್ರ ಸುಮಾರು 15%. ನೀರಿಗಿಂತ ಉಪ್ಪು ಜಾಸ್ತಿ ಹೋದರೆ ಉಳಿದದ್ದು ನೀರಾಗುತ್ತದೆ, ಅಲ್ವಾ?

ಮೂರನೇ ವಾರ

ಇದನ್ನು ಹೇಳುತ್ತಿದ್ದ ಹಾಗೆ ಅವಳ ಮುಂದಿನ ಪ್ರಶ್ನೆ: "ಲೂಪಿನಿಂದ ನೀರಾಗೇ ಹೊರಗ ಬರೂದಾದ್ರ ಮೂತ್ರ ಗಟ್ಟಿ ಆಗೂದು ಎಲ್ಲಿ ಅಕ್ಕಾ?"

ಇದು ತುಂಬ ಒಳ್ಳೆಯ ಪ್ರಶ್ನೆ. ಲೂಪ್ ಮೂತ್ರವನ್ನು ಗಟ್ಟಿ ಮಾಡುವುದಿಲ್ಲ. ಅದು ಸುತ್ತಲಿನ ಮೆಡುಲ್ಲಾವನ್ನು, ಅಂದರೆ ಕಿಡ್ನಿಯ ಒಳಭಾಗವನ್ನು, ಉಪ್ಪಾಗಿಸುತ್ತದೆ. ಮೂತ್ರ ಗಟ್ಟಿಯಾಗುವುದು ಅದೇ ಉಪ್ಪಿನ ನಡುವೆ ಹಾದು ಇಳಿಯುವ ಕೊನೆಯ ಕೊಳವೆಯಾದ ಕಲೆಕ್ಟಿಂಗ್ ಡಕ್ಟ್‌ನಲ್ಲಿ. ಎಡಿಎಚ್ ಹಾರ್ಮೋನ್ ಇದ್ದರೆ ಅದರ ಗೋಡೆಯಲ್ಲಿ ನೀರಿನ ಬಾಗಿಲುಗಳು ತೆರೆಯುತ್ತವೆ. ಇಲ್ಲದಿದ್ದರೆ ಮುಚ್ಚಿರುತ್ತವೆ.

ಟ್ರೇಗೆ ಮೂರನೇ ಕೊಳವೆಯಾಗಿ ಈ ಡಕ್ಟನ್ನು ಅಂಟಿಸಿ, ಒಂದು ದಿನದ ಲೆಕ್ಕ ಹಾಕಿದೆವು. ದಿನಕ್ಕೆ 600 ಮಿಲಿಆಸ್ಮೋಲ್ ಕಸ ಹೊರಹೋಗಬೇಕು. 100ರ ಸಾಂದ್ರತೆಯಲ್ಲಾದರೆ ಅದಕ್ಕೆ 6 ಲೀಟರ್ ನೀರು ಬೇಕು. ಮುಂದೆ ನೀರು ಮಾತ್ರ ಹೋಗುತ್ತದೆ ಎಂದಿಟ್ಟುಕೊಳ್ಳಿ. ಕಿಡ್ನಿಯ ಹೊರಭಾಗವಾದ ಕಾರ್ಟೆಕ್ಸ್‌ನಲ್ಲಿ ಸುತ್ತಲೂ 300 ಇರುವುದರಿಂದ ಅಲ್ಲೇ 6 ಲೀಟರ್ 2 ಲೀಟರಿಗೆ ಇಳಿಯುತ್ತದೆ. ಮೆಡುಲ್ಲಾದ ಆಳದಲ್ಲಿ 1200ಕ್ಕೆ ಸಮನಾಗಲು ಅದು ಅರ್ಧ ಲೀಟರ್ ಆಗುತ್ತದೆ.

ಲೆಕ್ಕ ನೋಡಿ. ಉಳಿಸಿದ ಐದೂವರೆ ಲೀಟರಿನಲ್ಲಿ 4 ಲೀಟರ್ ಕಾರ್ಟೆಕ್ಸ್‌ನಲ್ಲೇ ಮುಗಿಯಿತು. ಅಲ್ಲಿ ರಕ್ತದ ಓಡಾಟ ಜೋರು, ನೀರನ್ನು ಬೇಗ ಒಯ್ಯುತ್ತದೆ. ಅಷ್ಟೂ ನೀರು ಆಳಕ್ಕೆ ಬಂದು ಬಿದ್ದಿದ್ದರೆ ಕಷ್ಟಪಟ್ಟು ಕೂಡಿಸಿದ ಉಪ್ಪು ತೊಳೆದು ಹೋಗುತ್ತಿತ್ತು.

ಈ ಆಳದ ಉಪ್ಪು ಬರೀ ಊಹೆಯಲ್ಲ. 1951ರಲ್ಲಿ ಬಾಸೆಲ್‌ನಲ್ಲಿ ವಿರ್ಟ್ಸ್, ಹಾರ್ಗಿಟೇ ಮತ್ತು ಕೂನ್ ಕಿಡ್ನಿಯ ತೆಳು ಹೋಳುಗಳನ್ನು ಹೆಪ್ಪುಗಟ್ಟಿಸಿ, ಎಲ್ಲಿ ಯಾವ ತಾಪಮಾನಕ್ಕೆ ಕರಗುತ್ತದೆ ಎಂದು ನೋಡಿದರು. ಉಪ್ಪು ಜಾಸ್ತಿ ಇದ್ದಲ್ಲಿ ಮಂಜು ಮೊದಲು ಕರಗುತ್ತದೆ. ಆಳಕ್ಕೆ ಹೋದಷ್ಟೂ ಬೇಗ ಕರಗಿತು. ನನಗೆ ಈ ಪ್ರಯೋಗ ಅಂದರೆ ಬಹಳ ಇಷ್ಟ.

ನಾಲ್ಕನೇ ವಾರ

ಪಂಪು ನಿಲ್ಲಿಸಿ ನೋಡಿದೆವು. ಸೂತ್ರದ 100ರ ಜಾಗದಲ್ಲಿ 0 ಹಾಕಿದರೆ, ಹೊಸದಾಗಿ ಬರುವ 300 ಎಲ್ಲವನ್ನೂ ತೊಳೆಯುತ್ತಾ ಹೋಗುತ್ತದೆ. ಸುಮಾರು ಐವತ್ತು ಸುತ್ತುಗಳಲ್ಲಿ ಮೇಲೆ ಕೆಳಗೆ ಎಲ್ಲ ಕಡೆ 300ರ ಹತ್ತಿರ ಬರುತ್ತದೆ. ಮೂತ್ರ ಹೆಚ್ಚಿಸುವ ಫ್ಯೂರೊಸಮೈಡ್ ಮಾತ್ರೆ ಮಾಡುವುದು ಇದನ್ನೇ. ದಪ್ಪ ಏರುಕೊಳವೆಯ ಗೋಡೆಯ ಕೋಶಗಳಿಗೆ ಉಪ್ಪು ಒಳಬರುವ ಎನ್‌ಕೆಸಿಸಿ2 ಎಂಬ ದಾರಿಯನ್ನು ಅದು ಮುಚ್ಚುತ್ತದೆ. ಆಗ ಎಡಿಎಚ್ ಎಷ್ಟೇ ಇದ್ದರೂ ಮೂತ್ರ ಗಟ್ಟಿಯಾಗುವುದಿಲ್ಲ, ಯಾಕೆಂದರೆ ಹೊರಗೆ ಎಳೆಯುವ ಉಪ್ಪೇ ಇಲ್ಲ. ಎಡಿಎಚ್ ಇಲ್ಲದಾಗಲೂ ಪೂರ್ತಿ ನೀರಾಗುವುದಿಲ್ಲ, ಯಾಕೆಂದರೆ ನೀರಾಗಿಸುತ್ತಿದ್ದದ್ದೂ ಅದೇ ಪಂಪು. ಎರಡೂ ತುದಿಯಿಂದ ಮೂತ್ರ 300ರ ಕಡೆಗೆ ಬರುತ್ತದೆ.

ಈಗ ಬಾಕಿ ಇರುವುದು ಕೆಳಗಿನ ಎರಡು ಸಾಲು. ಅಲ್ಲಿ ನನ್ನ ಮಾದರಿ ಸುಳ್ಳು ಹೇಳುತ್ತಿದೆ. ಒಳ ಮೆಡುಲ್ಲಾದಲ್ಲಿ ಏರುವ ಕೊಳವೆ ತೆಳುವಾಗಿದೆ, ಅದರಲ್ಲಿ ಇಂಥ ಪಂಪು ಇಲ್ಲ. ಆದರೂ ಸಾಂದ್ರತೆ ಏರುತ್ತಲೇ ಹೋಗುತ್ತದೆ. ಅಲ್ಲಿನ 1200ರಲ್ಲಿ ಹೆಚ್ಚುಕಡಿಮೆ ಅರ್ಧ ಯೂರಿಯಾದ್ದು, ಅದು ಕಲೆಕ್ಟಿಂಗ್ ಡಕ್ಟ್‌ನ ಕೆಳತುದಿಯಿಂದ ಹೊರಬರುತ್ತದೆ. ಯೂರಿಯಾದ ನೆರವಿನಿಂದ ಉಪ್ಪು ತಾನಾಗೇ ಹೊರಬರುತ್ತದೆ ಎಂಬ ವಿವರಣೆ 1972ರಿಂದ ಇದೆ, ಆದರೆ ಅಳತೆಗಳಿಗೆ ಅದು ಪೂರ್ತಿ ಹೊಂದಿಲ್ಲ. ಆ ಎರಡು ಸಾಲಿನ ಪಂಪಿನ ಸೂತ್ರ ಅಳಿಸಿದ್ದೇನೆ. ಯೂರಿಯಾಕ್ಕೆ ಕೆಂಪು ಮಣಿ ತರಲು ಮುಂದಿನ ಭಾನುವಾರ ಇಬ್ಬರೂ ಮತ್ತೆ ತುಳಶಿಬಾಗಿಗೆ ಹೋಗುತ್ತೇವೆ.