ಶನಿವಾರ ಬಿಸಿಲಿತ್ತು, ಒಪ್ಪಿದೆ

‘ಸರ್, ಶನಿವಾರ ಬೆಳಿಗ್ಗೆಯೇ ಬಿಸಿಲು ಬಿದ್ದಿತ್ತಲ್ಲ, ಮತ್ತೆ ವಾರ್ಷಿಕೋತ್ಸವ ಯಾಕೆ ಮುಂದೂಡಿದಿರಿ?’

ಮಳೆಯಿಂದಾಗಿ ಡಿಸೆಂಬರ್ 14ರ ಶನಿವಾರದ ಕಾರ್ಯಕ್ರಮ ಮುಂದೂಡಿದ್ದಕ್ಕೆ ಪಾಲಕರ ಮೊದಲ ತಕರಾರು ಇದು. ಬಿಸಿಲು ಬಿದ್ದಿತ್ತು. ನಾನೂ ಕಲಬುರಗಿಯಲ್ಲೇ ಇರುತ್ತೇನೆ, ನನಗೂ ಕಣ್ಣಿದೆ. ಶಾಲೆಯ ಕಚೇರಿಯಲ್ಲಿ ಕುಳಿತು ಸುತ್ತೋಲೆ ಬರೆಯುವವನಿಗೆ ಕಿಟಕಿ ಇರುವುದಿಲ್ಲ ಎಂದು ಯಾರು ಹೇಳಿದರೋ. ಆದರೆ ಮಳೆ ನಿಲ್ಲುವುದು ಆಕಾಶದ ವಿಷಯ, ಶಾಮಿಯಾನ ನಿಲ್ಲುವುದು ನೆಲದ ವಿಷಯ. ನಮ್ಮ ಮೈದಾನ ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಕುಡಿದದ್ದನ್ನು ಬೇಗ ಬಿಡುವುದಿಲ್ಲ. ಒಂದು ದಿನದ ಬಿಸಿಲಿಗೆ ಮೇಲೆ ತೆಳುವಾಗಿ ಹಕ್ಕಳೆ ಕಟ್ಟುತ್ತದೆ, ನೋಡಿದವರು ಒಣಗಿತು ಎನ್ನುತ್ತಾರೆ. ಶನಿವಾರ ನಮ್ಮ ಜವಾನ ಹಾರೆಯಿಂದ ಒಂದು ಅಡಿ ಗುಂಡಿ ತೋಡಿದ. ಅರ್ಧ ಗಂಟೆಯಲ್ಲಿ ತಳದಲ್ಲಿ ನೀರು ಜಿನುಗಿತ್ತು. ಅಂಥ ನೆಲದಲ್ಲಿ ಗೂಟ ಹೊಡೆಯುವುದು ಸುಲಭ, ಗಾಳಿ ಬೀಸಿದಾಗ ಅದು ಕಿತ್ತು ಬರುವುದು ಇನ್ನೂ ಸುಲಭ. ಕೆಳಗೆ ಮಕ್ಕಳು, ಹಸಿ ನೆಲದ ಮೇಲೆ ಕರೆಂಟಿನ ವೈರು. ಕುರ್ಚಿ ತಂದ ಗಾಡಿಯ ಹಿಂದಿನ ಚಕ್ರ ಗೇಟಿನ ಒಳಗೇ ಹೂತು, ಅದನ್ನು ಎತ್ತಲು ನಾಲ್ಕು ಶಹಾಬಾದ್ ಫರ್ಸಿ ಹಾಕಬೇಕಾಯಿತು. ಬಿಸಿಲಿನ ಬಗ್ಗೆ ಇಷ್ಟು ಸಾಕು.

ಎರಡನೆಯ ತಕರಾರು: ‘ಮುಂದೂಡಿದ್ದೇನೋ ಸರಿ, 28ಕ್ಕೆ ಇಟ್ಟಿದ್ದರೆ ಆರಾಮಾಗಿ ಆಗುತ್ತಿತ್ತು.’ ಆ ಸಲ 30ಕ್ಕೆ ಎಳ್ಳಮಾವಾಸ್ಯೆ. ಸೋಮವಾರ ಹೊಲದಲ್ಲಿ ಚರಗ ಚೆಲ್ಲುವವರು ಶನಿವಾರವೇ ಊರಿನ ಬಸ್ ಹತ್ತಿರುತ್ತಾರೆ. 28ರಂದು ನೃತ್ಯ ಇಟ್ಟಿದ್ದರೆ ವೇದಿಕೆಯ ಮೇಲೆ ಮೈಕು, ಎದುರಿಗೆ ಖಾಲಿ ಕುರ್ಚಿ. ಆದ್ದರಿಂದ 14ರದ್ದು 21ಕ್ಕೆ ಹೋಯಿತು.

ಇಷ್ಟೆಲ್ಲ ಹೇಳಿದ ಮೇಲೂ ನನ್ನನ್ನು ಯಾರೂ ಕೇಳದ ಒಂದು ಪ್ರಶ್ನೆ ಇದೆ. ಕೇಳಿದ್ದರೆ ನಾನು ತಲೆ ತಗ್ಗಿಸಬೇಕಿತ್ತು: ಆ ಸುತ್ತೋಲೆಯಲ್ಲಿ ನೀವು ಏನು ಬರೆದಿದ್ದಿರಿ?

ಗುರುವಾರ, 12ರ ರಾತ್ರಿ ಬರೆದೆ. ಹೊರಗೆ ಸುರಿಯುತ್ತಿತ್ತು, ಮರುದಿನ ರಜೆ ಎಂಬ ಸುದ್ದಿ ಆಗಲೇ ಬಂದಿತ್ತು. ಮುಖ್ಯ ಗುರುಗಳಿಗೆ ‘ವರುಣನ ಅವಕೃಪೆಯಿಂದ’ ಎಂಬ ಮಾತು ಬೇಕೇ ಬೇಕಿತ್ತು, ಅದನ್ನು ಮೊದಲ ಸಾಲಿಗೆ ಕೂರಿಸಿದೆ. ಕೊನೆಗೆ ‘ವಾರ್ಷಿಕೋತ್ಸವವನ್ನು ಮುಂದಿನ ಶನಿವಾರಕ್ಕೆ ಮುಂದೂಡಲಾಗಿದೆ’ ಎಂದು ಮುಗಿಸಿದೆ. ದಿನಾಂಕವಿಲ್ಲ. ವರುಣನಿಗೆ ಒಂದು ಸಾಲು, ಪಾಲಕರಿಗೆ ಒಂದು ಅಂಕಿಯೂ ಇಲ್ಲ.

ಆ ರಾತ್ರಿ ಮೊಬೈಲಿನಲ್ಲಿ ಓದಿದವರಿಗೆ ಅದು 21. ಶುಕ್ರವಾರ, ಶನಿವಾರ ಎರಡೂ ದಿನ ಶಾಲೆ ಇರಲಿಲ್ಲವಾದ್ದರಿಂದ ಅದೇ ಸಾಲು ಅಚ್ಚಾದ ಕಾಗದವಾಗಿ ಮಕ್ಕಳ ಕೈ ಸೇರಿದ್ದು ಸೋಮವಾರ, 16ಕ್ಕೆ. ಸೋಮವಾರ ಓದುವವನಿಗೆ 21 ‘ಈ ಶನಿವಾರ’, ‘ಮುಂದಿನ ಶನಿವಾರ’ವೆಂದರೆ 28. ಮೊಬೈಲಿನದನ್ನೂ ಜನ ಮತ್ತೊಬ್ಬರಿಗೆ ಕಳುಹಿಸುತ್ತಾರೆ. ಹಾಗೆ ಕಳುಹಿಸಿದಾಗ ಅದರ ಪಕ್ಕದಲ್ಲಿ ಕಾಣುವುದು ಕಳುಹಿಸಿದ ಹೊತ್ತು, ನಾನು ಬರೆದ ಹೊತ್ತಲ್ಲ.

ಈಗ ನನ್ನ ಸುತ್ತೋಲೆಯ ಮೊದಲ ಸಾಲು ಹೀಗಿರುತ್ತದೆ: ‘ಡಿಸೆಂಬರ್ 14, ಶನಿವಾರ ನಡೆಯಬೇಕಿದ್ದ ವಾರ್ಷಿಕೋತ್ಸವ ಡಿಸೆಂಬರ್ 21, ಶನಿವಾರ ಸಂಜೆ 5ಕ್ಕೆ ಅದೇ ಮೈದಾನದಲ್ಲಿ ನಡೆಯುತ್ತದೆ.’ ಹಳೆಯ ದಿನ, ಹೊಸ ದಿನ, ಎರಡಕ್ಕೂ ವಾರದ ಹೆಸರು. ಅಂಕಿ ತಪ್ಪಿದರೆ ವಾರ ಹಿಡಿದುಕೊಡುತ್ತದೆ. ಅದರ ಕೆಳಗೆ, ಮೊದಲು ಕೊಟ್ಟ ಪಾಸ್ ನಡೆಯುತ್ತದೆ, 14ರಂದು ಶಾಲೆ ಇಲ್ಲ, 21ಕ್ಕೂ ಮಳೆಯಾದರೆ 20ರ ಸಂಜೆ 4ರೊಳಗೆ ತಿಳಿಸುತ್ತೇವೆ. ವರುಣ ಕೊನೆಯ ಸಾಲಿಗೆ ಹೋದ. ಮುಖ್ಯ ಗುರುಗಳು ಒಂದು ವಾರ ನನ್ನೊಂದಿಗೆ ಸರಿಯಾಗಿ ಮಾತನಾಡಲಿಲ್ಲ.

ಬುದ್ಧಿ ತಾನಾಗಿ ಬಂದದ್ದಲ್ಲ. 28ರ ಮಧ್ಯಾಹ್ನ ಅಫಜಲಪುರದ ಕಡೆಯ ಒಂದು ಹಳ್ಳಿಯಿಂದ ಒಬ್ಬ ಮುತ್ಯಾ ಬಂದರು. ಮೊಮ್ಮಗ ನಮ್ಮ ವಸತಿ ನಿಲಯದಲ್ಲಿ, ಮಗ ಸೊಸೆ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ. ಮಗ ಸಂದೇಶ ನೋಡಿದ್ದೇ ಸೋಮವಾರ. ಅಪ್ಪನಿಗೆ ಫೋನಿನಲ್ಲಿ ‘ಮುಂದಿನ ಶನಿವಾರವಂತೆ’ ಎಂದಿದ್ದ. ಮುತ್ಯಾ ಬಿಳಿ ಪಟಗ ಸುತ್ತಿಕೊಂಡು, ಬಟ್ಟೆಯ ಚೀಲದಲ್ಲಿ ಶೇಂಗಾ ಹೋಳಿಗೆ ಹಿಡಿದುಕೊಂಡು ಬಂದಿದ್ದರು. ಮೈದಾನದಲ್ಲಿ ಗೂಟದ ತೂತುಗಳು ಮಾತ್ರ ಇದ್ದವು. ಹುಡುಗ ಒಂದು ವಾರದ ಹಿಂದೆಯೇ ಕುಣಿದು ಮುಗಿಸಿದ್ದ.

ನಾನು ಕಾಗದ ತೆಗೆದು ತೋರಿಸಿ, ಇದರಲ್ಲಿ ಬರೆದಿತ್ತಲ್ಲ ಎಂದೆ. ಅವರಿಗೆ ಓದು ಬರುವುದಿಲ್ಲ, ನಾನೇ ಓದಿದೆ. ಕೇಳಿ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು: ‘ಇವತ್ತು ಶನಿವಾರ ಅಲ್ಲವೇನು, ಸಾಹೇಬರೇ?’

ಹೌದು ಎಂದೆ. ಹುಡುಗನನ್ನು ಕರೆಸಿದೆ. ಅವನು ಕಚೇರಿಯ ಬಾಗಿಲಲ್ಲಿ, ಹಾಡಿಲ್ಲದೆ, ಹೆಜ್ಜೆಗಳನ್ನು ಬಾಯಲ್ಲಿ ಎಣಿಸಿಕೊಳ್ಳುತ್ತ ಅರ್ಧ ಕುಣಿತ ತೋರಿಸಿದ. ಉಳಿದರ್ಧ ಮರೆತಿದ್ದ.