ನಾಯಿಯ ವಕ್ರರೇಖೆ

ಬೆಳಿಗ್ಗೆ ಸೈಕಲ್ಲಲ್ಲಿ ಅಡ್ಡರಸ್ತೆ ದಾಟ್ತಿದ್ದೆ. ಆ ರಸ್ತೆಯೊಳಗೆ ಸುಮಾರು 30 ಮೀಟರ್ ದೂರದಲ್ಲಿ ಮಲಗಿದ್ದ ಕಂದು ನಾಯಿ ಎದ್ದು ಓಡಿ ಬಂತು.

ಮೂತಿ ಪ್ರತಿ ಕ್ಷಣವೂ ನನ್ನ ಕಡೆಗೇ. ನಾನು ಮುಂದೆ ಹೋದಷ್ಟೂ ಅದರ ದಾರಿ ಬಾಗುತ್ತಾ ಬಂದು, ಕೊನೆಗೆ ನನ್ನ ಬೆನ್ನ ಹಿಂದೆಯೇ. ಹತ್ತಿರ ಬಂದು ಎರಡು ಸಲ ಬೊಗಳಿ ಸುಮ್ಮನಾಯ್ತು. ಕಾಲು ಬಚಾವ್.

ಕಾಫಿ ಕುಡೀತಾ ಲೆಕ್ಕಕ್ಕೆ ಕೂತೆ. ಸೆಕೆಂಡಿಗೆ ನಾಯಿ 8 ಮೀಟರ್, ನಾನು 4 ಅಂದ್ಕೊಳ್ಳಿ. ನಾಯಿ ಓಡೋ ದಿಕ್ಕಿಗೂ ನನ್ನ ರಸ್ತೆಗೂ ನಡುವಿನ ಕೋನ θ. ಅಂತರ ಕರಗೋ ವೇಗ 8 − 4cosθ. θ ಬದಲಾಗ್ತಾನೇ ಇರುತ್ತಲ್ಲ, ಅಲ್ಲೇ ಸಿಕ್ಕಿಬಿದ್ದೆ.

ಆಮೇಲೆ ಹೊಳೀತು. ನನ್ನ ರಸ್ತೆಯುದ್ದಕ್ಕೂ ನಾಯಿಯ ವೇಗ 8cosθ. T ಸೆಕೆಂಡಲ್ಲಿ ಹಿಡಿದ್ರೆ, ಅದೂ ನನ್ನಷ್ಟೇ, ಅಂದ್ರೆ 4T ಮೀಟರ್ ಮುಂದೆ ಬಂದಿರಬೇಕು. ಹಾಗಾದ್ರೆ 4cosθದ ಒಟ್ಟು ಮೊತ್ತ 2T. ವಕ್ರರೇಖೆಯ ಸಮೀಕರಣವೇ ಬೇಕಾಗಲಿಲ್ಲ!

30 = 8T − 2T
T = 5

ನಾಯಿಯ ಓಟ 40 ಮೀಟರ್. ನಾನು ಮುಂದೆಲ್ಲಿ ಸಿಗ್ತೀನಿ ಅಂತ ಊಹಿಸಿ ನೇರ ಓಡಿದ್ರೆ 35ಕ್ಕೇ ಮುಗೀತಿತ್ತು, ಪಾಪ.

ನಾನೂ 8ರಲ್ಲಿ ತುಳಿದಿದ್ರೆ? ಅಂತರ 15 ಮೀಟರಿಗೆ ಹತ್ತಿರವಾಗ್ತಾ ಹೋಗುತ್ತೆ, ಅದಕ್ಕಿಂತ ಕಮ್ಮಿ ಆಗಲ್ಲ. ನನ್ನ ಮಂಡಿ ಒಪ್ಪಬೇಕಷ್ಟೆ.